ತಾಯಿಯ ತೊಡೆಮೂಳೆ ಶಸ್ತ್ರಚಿಕಿತ್ಸೆಗಾಗಿ 30 ದಿನಗಳ ವಾರ್ಷಿಕ ರಜೆ ಕೋರಿ ಅರ್ಜಿ

ಇವರಿಂದ:
ನಂ. 15586213ವೈ
ಹವಾಲ್ದಾರ್ ರಾಘವೇಂದ್ರ ಎಚ್.ಟಿ.
ಎಂ.ಟಿ. ಪ್ಲಟೂನ್, ಹೆಡ್‌ಕ್ವಾರ್ಟರ್ ಕಂಪನಿ
ಅಂಬಾಲಾ ಛಾವಣಿ

ಇವರಿಗೆ:
ಕಮಾಂಡಿಂಗ್ ಆಫೀಸರ್ ಸಾಹೇಬರು
ಅಂಬಾಲಾ ಛಾವಣಿ

ಸೂಕ್ತ ಮಾರ್ಗದ ಮೂಲಕ: ಪ್ಲಟೂನ್ ಜೆ.ಸಿ.ಒ. — ಸೀನಿಯರ್ ಜೆ.ಸಿ.ಒ. — ಕಂಪನಿ ಕಮಾಂಡರ್

ದಿನಾಂಕ: 17 ಜುಲೈ 2025

ವಿಷಯ: ತಾಯಿಯ ಶಸ್ತ್ರಚಿಕಿತ್ಸೆಗಾಗಿ 20 ಜುಲೈ 2025ರಿಂದ 18 ಆಗಸ್ಟ್ 2025ರವರೆಗೆ ವಾರ್ಷಿಕ ರಜೆಯ ಭಾಗವಾಗಿ 30 ದಿನ ಮಂಜೂರು ಮಾಡುವ ಬಗ್ಗೆ

ಮಾನ್ಯರೇ,

1. ಕೆಳಗಿನ ಸಂಗತಿಗಳನ್ನು ತಮ್ಮ ಸಹಾನುಭೂತಿಯ ಪರಿಶೀಲನೆಗಾಗಿ ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುತ್ತೇನೆ.

2. ನನ್ನ ತಾಯಿ ಶ್ರೀಮತಿ ಲಕ್ಷ್ಮಮ್ಮ, ವಯಸ್ಸು 66, ಶಿವಮೊಗ್ಗ ಜಿಲ್ಲೆ ತೀರ್ಥಹಳ್ಳಿ ತಾಲ್ಲೂಕು ಆಗುಂಬೆ ಹೋಬಳಿಯ ನಮ್ಮ ಮನೆಯಲ್ಲಿ 15 ಜುಲೈ ಬೆಳಿಗ್ಗೆ ಕೊಟ್ಟಿಗೆಗೆ ಹೋಗುವಾಗ ಅಂಗಳದ ಪಾಚಿಗಟ್ಟಿದ ಕಲ್ಲಿನ ಮೆಟ್ಟಿಲಲ್ಲಿ ಜಾರಿಬಿದ್ದರು. ಬಲಗಾಲು ಊರಲಾಗಲಿಲ್ಲ. ತೀರ್ಥಹಳ್ಳಿ ತಾಲ್ಲೂಕು ಆಸ್ಪತ್ರೆಯಲ್ಲಿ ಕಾಲಿಗೆ ಆಧಾರ ಕಟ್ಟಿ, ಅದೇ ದಿನ 108 ಆಂಬ್ಯುಲೆನ್ಸ್‌ನಲ್ಲಿ ಶಿವಮೊಗ್ಗದ ಮೆಗ್ಗಾನ್ ಬೋಧನಾ ಆಸ್ಪತ್ರೆಗೆ ಕಳುಹಿಸಿದರು. ಅಲ್ಲಿ ಮೂಳೆ ವಿಭಾಗದಲ್ಲಿ ಒಳರೋಗಿಯಾಗಿ ದಾಖಲಾಗಿದ್ದಾರೆ. ಬಲ ತೊಡೆಮೂಳೆಯ ಕುತ್ತಿಗೆ ಭಾಗ ಮುರಿದು, ತುಂಡುಗಳು ಸ್ಥಾನ ತಪ್ಪಿವೆ ಎಂದು ಎಕ್ಸ್‌ರೇ ವರದಿಯಲ್ಲಿದೆ (ಲಗತ್ತು 2).

3. ಈ ಜಾಗದಲ್ಲಿ ಮುರಿದು ಸರಿದ ಮೂಳೆಗೆ ರಕ್ತ ಪೂರೈಕೆ ಕಡಿಮೆಯಾಗುವುದರಿಂದ ಈ ವಯಸ್ಸಿನಲ್ಲಿ ಕೂಡಿಕೊಳ್ಳುವ ಭರವಸೆ ಇಲ್ಲ. ಹಾಗಾಗಿ ಮುರಿದ ತಲೆಭಾಗವನ್ನು ತೆಗೆದು ಲೋಹದ ಕೀಲು ಕೂರಿಸಲು, ಅಂದರೆ ಬೈಪೋಲಾರ್ ಹೆಮಿ ಆರ್ಥ್ರೋಪ್ಲಾಸ್ಟಿ ಮಾಡಲು, ವೈದ್ಯರು ನಿರ್ಧರಿಸಿದ್ದಾರೆ. ದಾಖಲಾದ ದಿನ ಸಕ್ಕರೆ 386 ಇತ್ತು, ಹಿಮೋಗ್ಲೋಬಿನ್ 8.4 ಇತ್ತು. ಇನ್ಸುಲಿನ್ ಕೊಟ್ಟು ಸಕ್ಕರೆ ಇಳಿಸಿ, ಒಂದು ಯೂನಿಟ್ ರಕ್ತ ಏರಿಸಿ, ಅರಿವಳಿಕೆ ತಜ್ಞರ ಒಪ್ಪಿಗೆ ಪಡೆದ ಮೇಲೆ 24 ಜುಲೈ 2025, ಗುರುವಾರ ಶಸ್ತ್ರಚಿಕಿತ್ಸೆ ಎಂದು ದಿನ ಗೊತ್ತುಮಾಡಿದ್ದಾರೆ. ಅದಕ್ಕಿಂತ ಮುಂದೂಡುವಂತಿಲ್ಲ. ಹಾಸಿಗೆಯಲ್ಲೇ ಮಲಗಿರುವ ಪ್ರತಿ ದಿನಕ್ಕೂ ಎದೆಯಲ್ಲಿ ಕಫ ಕಟ್ಟುವ, ಬೆನ್ನಿಗೆ ಹುಣ್ಣಾಗುವ, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯ ಏರುತ್ತದೆ, ಸಕ್ಕರೆ ಕಾಯಿಲೆ ಇರುವವರಿಗೆ ಇನ್ನೂ ಹೆಚ್ಚು ಎಂದು ತಿಳಿಸಿದ್ದಾರೆ.

4. ನಾನು ಒಬ್ಬನೇ ಮಗ. ತಂದೆಗೆ 73 ವರ್ಷ, ಕಿವಿ ಮಂದ. ವೈದ್ಯರು ಹೇಳುವುದನ್ನು ಕೇಳಿಸಿಕೊಂಡು ಔಷಧಿ ಚೀಟಿ, ರಕ್ತನಿಧಿ, ಪ್ರಯೋಗಾಲಯ ಎಂದು ಓಡಾಡುವುದು ಅವರಿಂದ ಆಗದು. ನನ್ನ ಹೆಂಡತಿಗೆ ಐದು ತಿಂಗಳ ಮಗು ಇದೆ. ಶಿರಸಿಗೆ ಕೊಟ್ಟಿರುವ ತಂಗಿ ಸದ್ಯ ತಾಯಿಯ ಹಾಸಿಗೆಯ ಬಳಿ ಇದ್ದಾಳೆ. ಮಹಿಳಾ ವಾರ್ಡ್ ಆದ್ದರಿಂದ ರಾತ್ರಿಯೂ ಅವಳೇ ಇರಬೇಕು. ಶಸ್ತ್ರಚಿಕಿತ್ಸೆಗೆ ಎರಡು ಯೂನಿಟ್ ರಕ್ತ ಕಾಯ್ದಿರಿಸಲು ಹೇಳಿದ್ದಾರೆ, ಬದಲಿ ರಕ್ತದಾನಿಗಳನ್ನು ಮನೆಯವರೇ ಹೊಂದಿಸಬೇಕು. ನನ್ನದೂ ತಾಯಿಯದೂ ಒಂದೇ ಗುಂಪು, ಬಿ ಪಾಸಿಟಿವ್.

5. ಸೇವೆಯಲ್ಲಿರುವವರ ಅವಲಂಬಿತರಿಗೆ ಮಿಲಿಟರಿ ಆಸ್ಪತ್ರೆಯ ಸೌಲಭ್ಯ ಇರುವುದು ನನಗೆ ತಿಳಿದಿದೆ. ಶಿವಮೊಗ್ಗದಲ್ಲಿ ಮಿಲಿಟರಿ ಆಸ್ಪತ್ರೆ ಇಲ್ಲ. ಬೆಂಗಳೂರಿನ ಏರ್‌ಫೋರ್ಸ್ ಕಮಾಂಡ್ ಆಸ್ಪತ್ರೆ ಅಲ್ಲಿಂದ ಸುಮಾರು 300 ಕಿ.ಮೀ. ಮುರಿದ ಸೊಂಟದೊಂದಿಗೆ ಅಷ್ಟು ದೂರ ರಸ್ತೆಯಲ್ಲಿ ಕರೆದೊಯ್ಯುವುದು ಬೇಡವೆಂದು ಚಿಕಿತ್ಸೆ ಕೊಡುತ್ತಿರುವ ವೈದ್ಯರು ಸಲಹೆ ಕೊಟ್ಟಿದ್ದಾರೆ. ಆದ್ದರಿಂದ ಈಗ ಇರುವಲ್ಲೇ ಮುಂದುವರಿಸುತ್ತೇವೆ. ಯೂನಿಟ್‌ನಿಂದ ಧನಸಹಾಯ ಕೋರುತ್ತಿಲ್ಲ.

6. 2025ನೇ ಸಾಲಿನ ನನ್ನ ರಜೆಯ ಲೆಕ್ಕ ಹೀಗಿದೆ. ಕಂಪನಿ ಗುಮಾಸ್ತರು ಲೀವ್ ರಿಜಿಸ್ಟರ್ ನೋಡಿ ತಾಳೆ ಮಾಡಿದ್ದಾರೆ.

(ಅ) ವಾರ್ಷಿಕ ರಜೆ: 60 ದಿನ. 10 ಮಾರ್ಚ್‌ನಿಂದ 3 ಏಪ್ರಿಲ್‌ವರೆಗೆ 25 ದಿನ ಪಡೆದಿದ್ದೇನೆ. ಉಳಿಕೆ 35. ಈಗ ಕೋರಿರುವ 30 ದಿನ ಕಳೆದು 5 ಉಳಿಯುತ್ತದೆ.

(ಆ) ಸಾಂದರ್ಭಿಕ ರಜೆ: 30 ದಿನ. ಜನವರಿಯಲ್ಲಿ 8 ದಿನ ಪಡೆದಿದ್ದೇನೆ. ಉಳಿಕೆ 22.

ಸಾಂದರ್ಭಿಕ ರಜೆಯನ್ನು ವಾರ್ಷಿಕ ರಜೆಗೆ ಜೋಡಿಸಲು ಬರುವುದಿಲ್ಲ, ಬರೀ ಸಾಂದರ್ಭಿಕ ರಜೆಯಲ್ಲಿ ಈ ಕೆಲಸ ಮುಗಿಯುವುದಿಲ್ಲ. ಹಾಗಾಗಿ ವಾರ್ಷಿಕ ರಜೆಯನ್ನೇ ಕೋರುತ್ತಿದ್ದೇನೆ.

7. 30 ದಿನ ಏಕೆ ಬೇಕು ಎಂಬುದರ ವಿವರ. 20 ಮತ್ತು 21 ಜುಲೈ ಪ್ರಯಾಣಕ್ಕೆ. 22 ಮತ್ತು 23ರಂದು ರಕ್ತದಾನ, ಅರಿವಳಿಕೆ ಪೂರ್ವ ತಪಾಸಣೆ, ಒಪ್ಪಿಗೆ ಪತ್ರ. 24ರಂದು ಶಸ್ತ್ರಚಿಕಿತ್ಸೆ. ಗಾಯದ ಸ್ಥಿತಿ, ಸಕ್ಕರೆ ಎರಡೂ ಸರಿಯಿದ್ದರೆ ಸುಮಾರು ಒಂದು ವಾರದಲ್ಲಿ ಮನೆಗೆ ಕಳುಹಿಸುತ್ತಾರೆ. ಹೊಲಿಗೆ ಬಿಚ್ಚುವುದು 14ನೇ ದಿನ, ಅಂದರೆ 7 ಆಗಸ್ಟ್. ಅದಕ್ಕೆ ಆಗುಂಬೆ ಕಡೆಯಿಂದ ಮತ್ತೆ ಶಿವಮೊಗ್ಗಕ್ಕೆ ಬಾಡಿಗೆ ಗಾಡಿಯಲ್ಲಿ ಕರೆದೊಯ್ಯಬೇಕು. ಶಸ್ತ್ರಚಿಕಿತ್ಸೆಯಾದ ಮರುದಿನದಿಂದಲೇ ವಾಕರ್ ಹಿಡಿಸಿ ನಡೆಸುತ್ತಾರೆ. ಆದರೆ ಮೊದಲ ವಾರಗಳಲ್ಲಿ ನೆಲದ ಮೇಲೆ ಕೂರುವುದು, ಕುಕ್ಕರಗಾಲಿನಲ್ಲಿ ಕೂರುವುದು, ಕಾಲಮೇಲೆ ಕಾಲು ಹಾಕುವುದು ಆದರೆ ಹೊಸ ಕೀಲು ಗೂಡಿನಿಂದ ಜಾರಬಹುದು. ನಮ್ಮದು ಹಳೆಯ ಮನೆ. ಬಚ್ಚಲು ಮತ್ತು ಶೌಚಾಲಯ ಹಿತ್ತಿಲಿನಲ್ಲಿ ಬೇರೆಯಾಗಿವೆ, ಹೊಸಿಲುಗಳು ಎತ್ತರ, ಮಳೆಗಾಲದಲ್ಲಿ ದಾರಿಯೆಲ್ಲ ಜಾರು. ತಾಯಿ ಮನೆಗೆ ಬರುವ ಮೊದಲೇ ಮಲಗುವ ಕೋಣೆಯಲ್ಲಿ ಎತ್ತರದ ಕಮೋಡ್ ಕುರ್ಚಿ ಇಡಬೇಕು, ಗೋಡೆಗೆ ಹಿಡಿಕೆ ಹಾಕಿಸಬೇಕು, ಎರಡು ಹೊಸಿಲಿಗೆ ಹಲಗೆಯ ಇಳಿಜಾರು ಮಾಡಿಸಬೇಕು. ಇನ್ಸುಲಿನ್ ಚುಚ್ಚುವುದು ಮತ್ತು ವ್ಯಾಯಾಮ ಮಾಡಿಸುವುದನ್ನು ನಾನು, ನನ್ನ ಹೆಂಡತಿ ಇಬ್ಬರೂ ಆಸ್ಪತ್ರೆಯಲ್ಲಿ ಕಲಿತುಕೊಳ್ಳಬೇಕು. ತಂಗಿ ಹೊಲಿಗೆ ಬಿಚ್ಚಿದ ಮೇಲೆ ತನ್ನ ಮನೆಗೆ ಮರಳುತ್ತಾಳೆ. ಆಮೇಲಿನ ಒಂದು ವಾರ ತಾಯಿಯನ್ನು ಏಳಿಸಿ ನಡೆಸಲು ಗಂಡಾಳು ನಾನೊಬ್ಬನೇ. 14 ಆಗಸ್ಟ್‌ಗೆ ಮರು ತಪಾಸಣೆ ಮುಗಿಸಿ, 16ರಂದು ಶಿವಮೊಗ್ಗ ಬಿಟ್ಟು, 18ರ ಸಂಜೆ ರೋಲ್ ಕಾಲ್ ಒಳಗೆ ಯೂನಿಟ್‌ನಲ್ಲಿ ಹಾಜರಾಗುತ್ತೇನೆ. 27 ಆಗಸ್ಟ್‌ಗೆ ಗಣೇಶ ಚೌತಿ ಇದ್ದರೂ ಅದಕ್ಕಾಗಿ ರಜೆ ಮುಂದುವರಿಸುವ ಉದ್ದೇಶ ನನಗಿಲ್ಲ.

8. ಹೆಸರಿನ ವ್ಯತ್ಯಾಸದ ಬಗ್ಗೆ. ನನ್ನ ಶೀಟ್ ರೋಲ್‌ನಲ್ಲಿ ತಾಯಿಯ ಹೆಸರು ಲಕ್ಷ್ಮಮ್ಮ ಎಂದಿದೆ. ಆಸ್ಪತ್ರೆಯವರು ಆಧಾರ್ ನೋಡಿ ದಾಖಲಿಸಿದ್ದರಿಂದ ಎಲ್ಲಾ ವರದಿಗಳಲ್ಲಿ ಲಕ್ಷ್ಮೀದೇವಿ ಎಂದಿದೆ. ಇಬ್ಬರೂ ಒಬ್ಬರೇ. ಗಂಡನ ಹೆಸರು, ಊರು, ಹುಟ್ಟಿದ ವರ್ಷ ಎರಡೂ ಕಡೆ ಒಂದೇ ಇವೆ. ಪರಿಶೀಲನೆಯಲ್ಲಿ ಗೊಂದಲವಾಗಬಾರದೆಂದು ಎರಡನ್ನೂ ಜೊತೆಯಲ್ಲಿ ಲಗತ್ತಿಸಿದ್ದೇನೆ. ಹೆಸರು ತಿದ್ದುಪಡಿಗೆ ಬೇಕಾದ ಅಫಿಡವಿಟ್ ಅನ್ನು ಈ ರಜೆಯಲ್ಲೇ ತೀರ್ಥಹಳ್ಳಿಯಲ್ಲಿ ಮಾಡಿಸಿ ತಂದು, ಪಾರ್ಟ್ 2 ಆರ್ಡರ್‌ಗಾಗಿ ಕಂಪನಿ ಕಚೇರಿಗೆ ಕೊಡುತ್ತೇನೆ.

9. ಪ್ರಯಾಣ: ಅಂಬಾಲಾದಿಂದ ನವದೆಹಲಿ, ಅಲ್ಲಿಂದ ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಬೆಂಗಳೂರು, ಬೆಂಗಳೂರಿನಿಂದ ರೈಲಿನಲ್ಲಿ ಶಿವಮೊಗ್ಗ ಟೌನ್. ಈ ಸಾಲಿನ ಉಚಿತ ರೈಲ್ವೆ ವಾರಂಟ್ ಮಾರ್ಚ್‌ನಲ್ಲೇ ಬಳಸಿದ್ದೇನೆ. ಆದ್ದರಿಂದ ಹೋಗಿಬರಲು ಫಾರ್ಮ್ ಡಿ ರಿಯಾಯಿತಿ ವೋಚರ್ ಕೊಡಿಸಬೇಕೆಂದು ಕೋರುತ್ತೇನೆ. ಸದ್ಯ ಹೋಗುವ ಟಿಕೆಟ್ ವೇಟಿಂಗ್ ಪಟ್ಟಿಯಲ್ಲಿದೆ. ಎಂ.ಸಿ.ಒ. ಕೋಟಾಕ್ಕೆ ಯೂನಿಟ್‌ನಿಂದ ಪತ್ರ ಹೋದರೆ ಸೀಟು ಸಿಗಬಹುದು. ಸಿಗದಿದ್ದರೆ ಸ್ವಂತ ಖರ್ಚಿನಲ್ಲಿ ದೆಹಲಿಯಿಂದ ವಿಮಾನದಲ್ಲಿ ಹೋಗುತ್ತೇನೆ.

10. ಕರ್ತವ್ಯ ಹಸ್ತಾಂತರ: ನನ್ನ ಜವಾಬ್ದಾರಿಯ ವಾಹನಗಳ ಕಾರ್ ಡೈರಿ, ಟೂಲ್ ಕಿಟ್, ಸ್ಟೆಪ್ನಿ, ಇಂಧನ ಲೆಕ್ಕವನ್ನು ಇದೇ ಪ್ಲಟೂನ್‌ನ ನಾಯಕ್ ಒಬ್ಬರಿಗೆ 19 ಜುಲೈ ಮಧ್ಯಾಹ್ನದೊಳಗೆ ಎಣಿಸಿ ಒಪ್ಪಿಸುತ್ತೇನೆ, ಅವರು ಒಪ್ಪಿದ್ದಾರೆ. ಒಂದು ಗಾಡಿಯ ಕ್ಲಚ್ ಪ್ಲೇಟ್ ವರ್ಕ್‌ಶಾಪ್‌ನಿಂದ ಬರಬೇಕಿದೆ, ಅದನ್ನು ಹಸ್ತಾಂತರ ಪಟ್ಟಿಯಲ್ಲಿ ಬಾಕಿ ಎಂದು ಬರೆದಿದ್ದೇನೆ. ವೈಯಕ್ತಿಕ ಶಸ್ತ್ರ ಕೋತ್‌ನಲ್ಲಿ ಜಮೆಯಾಗಿದೆ. ಸೆಪ್ಟೆಂಬರ್‌ನ ವಾಹನ ತಪಾಸಣೆಗೆ ಮೊದಲೇ ನಾನು ಮರಳಿರುತ್ತೇನೆ.

11. ರಜೆಯ ವಿಳಾಸ:
ಹೊಸಗದ್ದೆ, ಆಗುಂಬೆ ಅಂಚೆ, ತೀರ್ಥಹಳ್ಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ 577411
ಪೊಲೀಸ್ ಠಾಣೆ: ಆಗುಂಬೆ. ರೈಲು ನಿಲ್ದಾಣ: ಶಿವಮೊಗ್ಗ ಟೌನ್.

31 ಜುಲೈವರೆಗೆ ಹೆಚ್ಚಿನ ಸಮಯ ಆಸ್ಪತ್ರೆಯಲ್ಲೇ ಇರುತ್ತೇನೆ, ಅಲ್ಲಿ ಮೊಬೈಲ್ ಸಿಗುತ್ತದೆ. ಊರಿನಲ್ಲಿ ಮಳೆಗೆ ಕರೆಂಟ್ ಹೋದರೆ ಟವರ್ ಕೂಡ ನಿಲ್ಲುತ್ತದೆ, ಒಮ್ಮೊಮ್ಮೆ ಎರಡು ದಿನ. ಆಗ ಶಿರಸಿಯ ತಂಗಿಯ ಮನೆಗೆ ಫೋನ್ ಮಾಡಿದರೆ ಸುದ್ದಿ ತಲುಪುತ್ತದೆ. ಎರಡೂ ಸಂಖ್ಯೆಗಳನ್ನು ಲೀವ್ ರಿಜಿಸ್ಟರ್‌ನಲ್ಲಿ ಬರೆಸಿದ್ದೇನೆ. ಅದೂ ಆಗದಿದ್ದರೆ ಆಗುಂಬೆ ಠಾಣೆಯ ಮೂಲಕ ಕರೆಸಬಹುದು. ಊರಿನಲ್ಲಿರುವಾಗ ಪ್ರತಿ ಭಾನುವಾರ ನಾನಾಗಿಯೇ ಸೀನಿಯರ್ ಜೆ.ಸಿ.ಒ. ಸಾಹೇಬರಿಗೆ ವರದಿ ಮಾಡುತ್ತೇನೆ.

12. ಗಾಯಕ್ಕೆ ಸೋಂಕಾಗಿ ಅಥವಾ ಶಸ್ತ್ರಚಿಕಿತ್ಸೆ ಮುಂದೆ ಹೋಗಿ ದಿನಗಳು ಸಾಲದಿದ್ದರೆ, ಉಳಿದ 5 ದಿನದ ಮಿತಿಯೊಳಗೆ ವೈದ್ಯರ ಪ್ರಮಾಣಪತ್ರದೊಂದಿಗೆ 14 ಆಗಸ್ಟ್‌ಗೆ ಮೊದಲೇ ವಿಸ್ತರಣೆ ಕೋರುತ್ತೇನೆ. ಲಿಖಿತ ಮಂಜೂರಾತಿ ತಲುಪದೆ ಒಂದು ದಿನವೂ ಉಳಿಯುವುದಿಲ್ಲ. ಸಾಕಷ್ಟು ಕಾರಣವಿಲ್ಲದೆ ರಜೆ ಮೀರಿ ಉಳಿಯುವುದು ಸೇನಾ ಕಾಯ್ದೆ 1950ರ ಸೆಕ್ಷನ್ 39ರ ಅಡಿ ಅಪರಾಧ ಎಂಬುದು ನನಗೆ ಗೊತ್ತಿದೆ. ಕರೆ ಬಂದರೆ ರಜೆಯ ನಡುವೆಯೂ ಹೊರಟು ಬರುತ್ತೇನೆ. ಪ್ರಯಾಣದಲ್ಲಿ ಸಮವಸ್ತ್ರ ಧರಿಸುವುದಿಲ್ಲ, ಯೂನಿಟ್ ವಿಷಯ ಯಾರೊಂದಿಗೂ ಮಾತನಾಡುವುದಿಲ್ಲ.

13. ಆದ್ದರಿಂದ ಮೇಲಿನ 30 ದಿನಗಳ ರಜೆ ಮಂಜೂರು ಮಾಡಿ, 19 ಜುಲೈ ಮಧ್ಯಾಹ್ನ ಕರ್ತವ್ಯ ಮುಗಿದ ಮೇಲೆ ಹೊರಡಲು ಅನುಮತಿ ನೀಡಬೇಕೆಂದು ತಮ್ಮಲ್ಲಿ ಪ್ರಾರ್ಥಿಸುತ್ತೇನೆ. 20ರಂದು ಹೊರಟರೆ ತಲುಪುವುದು 22ರ ರಾತ್ರಿಯಾಗುತ್ತದೆ, ರಕ್ತ ಹೊಂದಿಸಲು ಒಂದೇ ದಿನ ಉಳಿಯುತ್ತದೆ.

ಜೈ ಹಿಂದ್.

ತಮ್ಮ ವಿಧೇಯ,
(ಸಹಿ)
ಹವಾಲ್ದಾರ್ ರಾಘವೇಂದ್ರ ಎಚ್.ಟಿ.

ಲಗತ್ತುಗಳು (ಮೊಬೈಲ್‌ನಲ್ಲಿ ಬಂದ ಪ್ರತಿಗಳ ಮುದ್ರಣ, ಆಸ್ಪತ್ರೆಯ ಮುದ್ರೆಯಿರುವ ಮೂಲ ಪ್ರತಿಗಳನ್ನು ಮರಳಿದ ದಿನ ಸಲ್ಲಿಸುತ್ತೇನೆ):
1. ಒಳರೋಗಿ ದಾಖಲಾತಿ ಚೀಟಿ
2. ಎಕ್ಸ್‌ರೇ ಮತ್ತು ರಕ್ತ ಪರೀಕ್ಷೆಯ ವರದಿ
3. ಶಸ್ತ್ರಚಿಕಿತ್ಸೆಯ ದಿನಾಂಕ ನಮೂದಿಸಿದ ವೈದ್ಯರ ಪ್ರಮಾಣಪತ್ರ
4. ತಾಯಿಯ ಆಧಾರ್ ಪ್ರತಿ, ಶೀಟ್ ರೋಲ್‌ನ ಅವಲಂಬಿತರ ಪುಟದ ಪ್ರತಿ
5. ಹಸ್ತಾಂತರ ಪಟ್ಟಿ

ಪ್ಲಟೂನ್ ಜೆ.ಸಿ.ಒ. ಷರಾ, 17 ಜುಲೈ:
ಹವಾಲ್ದಾರರ ತಂಗಿಯೊಂದಿಗೂ ವಾರ್ಡ್‌ನ ವೈದ್ಯರೊಂದಿಗೂ ಫೋನಿನಲ್ಲಿ ಮಾತನಾಡಿ ಖಚಿತಪಡಿಸಿಕೊಂಡಿದ್ದೇನೆ. ಪ್ಲಟೂನ್‌ನಲ್ಲಿ ಈಗ ರಜೆಯ ಮೇಲಿರುವವರು ಮಿತಿಯೊಳಗಿದ್ದಾರೆ. ಶಿಫಾರಸು ಮಾಡಿದೆ.

ಸೀನಿಯರ್ ಜೆ.ಸಿ.ಒ. ಷರಾ, 17 ಜುಲೈ:
ಶಿಫಾರಸು ಮಾಡಿದೆ.

ಕಂಪನಿ ಕಮಾಂಡರ್ ಷರಾ, 18 ಜುಲೈ:
ರಜೆಯ ಲೆಕ್ಕ ಸರಿಯಿದೆ. ಬದಲಿ ವ್ಯವಸ್ಥೆ ಆಗಿದೆ. ಎಂ.ಸಿ.ಒ. ಕೋಟಾ ಪತ್ರ ಇಂದೇ ಕಳುಹಿಸಲಾಗಿದೆ. ಕೋರಿದಂತೆ ಮಂಜೂರು ಮಾಡಲು ಬಲವಾಗಿ ಶಿಫಾರಸು ಮಾಡುತ್ತೇನೆ.

ಕಮಾಂಡಿಂಗ್ ಆಫೀಸರ್ ಆದೇಶ, 18 ಜುಲೈ:
20 ಜುಲೈನಿಂದ 18 ಆಗಸ್ಟ್ 2025ರವರೆಗೆ ಮಂಜೂರು. 19ರ ಮಧ್ಯಾಹ್ನ ಹೊರಡಲಿ. ಲೀವ್ ಸರ್ಟಿಫಿಕೇಟ್ ಮತ್ತು ಫಾರ್ಮ್ ಡಿ ಇಂದು ಸಂಜೆಯೊಳಗೆ ಕೊಡುವುದು. ಶಸ್ತ್ರಚಿಕಿತ್ಸೆ ಮುಗಿದ ಕೂಡಲೇ ಅಡ್ಜುಟಂಟ್‌ಗೆ ತಿಳಿಸುವುದು.