ಗೋಡೆ ಇದ್ದಾಗಿನ ಹಾರ್ನ್

ಲೀಲಕ್ಕನ ಮನೆಯಲ್ಲಿ ಫ್ರಿಜ್ ಆಫ್ ಮಾಡಿಸುವಾಗ ನನಗೆ ನಾಚಿಕೆಯಾಗುತ್ತಿತ್ತು. ಫ್ಯಾನೂ ಬೇಡ ಅಂದಿದ್ದೆ. ಮಂಗಳೂರಿನ ಏಪ್ರಿಲ್ ಸೆಕೆಯಲ್ಲಿ ಫ್ಯಾನ್ ನಿಲ್ಲಿಸಿ ಅನ್ನುವುದು ಸಣ್ಣ ಮಾತಲ್ಲ. ಅವರು ಸೆರಗಿನಿಂದ ಕುತ್ತಿಗೆ ಒರೆಸಿಕೊಂಡು, "ನಿಮ್ಮ ಕೆಲಸ ಆಗ್ಲಿ, ನಮಗೆ ಎಂತ" ಅಂದು ಬೀಡಿ ಎಲೆ ಕತ್ತರಿಸಲು ಕೂತರು.

ಬೋಳಾರದ ಹಳೇ ಹೆಂಚಿನ ಕಾರ್ಖಾನೆಯ ಹಿಂದಿನ ಲೈನ್ ಮನೆಗಳು ಅವು. 1865ರಲ್ಲಿ ಬಾಸೆಲ್ ಮಿಶನ್‌ನವರು ನೇತ್ರಾವತಿ ದಡದಲ್ಲಿ ಹೆಂಚು ಮಾಡಲು ಶುರುಮಾಡಿದ ಮೇಲೆ ಈ ಕಡೆ ಎಷ್ಟೋ ಕಾರ್ಖಾನೆಗಳು ಎದ್ದವು. ಲೀಲಕ್ಕನ ಮಾವ, ಗಂಡ ಇಬ್ಬರೂ ಅಂಥದ್ದೊಂದರಲ್ಲಿ ಮಣ್ಣು ಹದ ಮಾಡಿದವರು. ಈಗ ಜಾಗ ಮಾರಾಟವಾಗಿದೆ. ಹನ್ನೊಂದು ಮನೆಗಳಲ್ಲಿ ಜನ ಇದ್ದದ್ದು ನಾಲ್ಕರಲ್ಲಿ. ನಮ್ಮ ಸಿನಿಮಾದ ಕಥೆ ನಡೆಯುವುದೇ ಇಂಥ ಓಣಿಯಲ್ಲಿ. ಒಂದು ಶಬ್ದವನ್ನೂ ಬೇರೆ ಕಡೆಯಿಂದ ತರಬಾರದು ಅಂತ ನಿರ್ದೇಶಕರಿಗೂ ನನಗೂ ಮೊದಲೇ ಮಾತಾಗಿತ್ತು.

ಮೈಕನ್ನು ಅವರ ಕೈಗೆ ಒಂದು ಗೇಣು ಹತ್ತಿರ ಹಿಡಿದೆ. ತಗಡಿನ ಅಳತೆ ಎಲೆಯ ಮೇಲೆ ಕೂರುವ ಸಣ್ಣ 'ಟಕ್'. ಕತ್ತರಿ ನಾಲ್ಕು ಬದಿ ತಿರುಗುವ ಸದ್ದು. ನೆನೆಸಿದ ಎಲೆಯಾದ್ದರಿಂದ ಕಚಕ್ ಅನ್ನುವುದಿಲ್ಲ, ಬಟ್ಟೆ ಕತ್ತರಿಸಿದ ಹಾಗೆ ಮೆತ್ತಗೆ. ಆಮೇಲೆ ಉರುಟುವುದು, ತುದಿ ಮಡಚಿ ಒತ್ತುವುದು, ನೂಲು ಸುತ್ತುವುದು. ನೂಲು ಬೆರಳಿಗೆ ಉಜ್ಜುವ ಶಬ್ದ ಬರಿಕಿವಿಗೆ ಕೇಳುವುದೇ ಇಲ್ಲ. ಹೆಡ್‌ಫೋನಿನಲ್ಲಿ ಅದು ಎಷ್ಟು ದೊಡ್ಡದು ಗೊತ್ತಾ!

ಅಷ್ಟರಲ್ಲಿ ಮೀನಿನವನ ಹಾರ್ನ್. ಪೋಂ... ಪೋಂ. ಲೀಲಕ್ಕ ಪಾತ್ರೆ ಹಿಡಿದು ಎದ್ದೇಬಿಟ್ಟರು. ಟೇಕ್ ಹಾಳಾಯಿತು, ಆದರೆ ಹಾರ್ನ್ ಚೆನ್ನಾಗಿ ಸಿಕ್ಕಿತು. ಬಾವಿಯ ರಾಟೆ, ಹೆಂಚಿನ ಮೇಲೆ ಕಾಗೆ ನಡೆಯುವುದು, ಪಕ್ಕದ ಮನೆಯ ರೇಡಿಯೋ ಎಲ್ಲ ಸಿಕ್ಕಿತು ಅಂತ ಅವತ್ತು ಸಂಜೆ ಖುಷಿಯಲ್ಲೇ ಹೋದೆ.

ಮೇ ಕೊನೆಯ ಭಾನುವಾರ ಮತ್ತೆ ಬಂದೆ. ಜೂನ್ 1ರಿಂದ ಬೋಟುಗಳು ಕಡಲಿಗಿಳಿಯುವುದಿಲ್ಲ. ಆಮೇಲೆ ಎರಡು ತಿಂಗಳು ಆ ಹಾರ್ನ್ ನೆಚ್ಚಿ ಕೂರುವ ಹಾಗಿಲ್ಲ. ಇನ್ನೂ ಒಂದೆರಡು ಟೇಕ್ ಇರಲಿ ಅಂತ ಆಸೆ.

ಓಣಿಯ ಎದುರಿಗಿದ್ದ ಕಾರ್ಖಾನೆಯ ಗೋಡೆ ಇರಲಿಲ್ಲ. ನೀಲಿ ತಗಡು ಕಟ್ಟಿದ್ದರು. ಅಲ್ಲಲ್ಲಿ ಸಂದು. ಸಂದಿನಲ್ಲಿ ಹೊಂಡ, ಹೊಂಡದಲ್ಲಿ ಮೊದಲ ಮಳೆಯ ಕೆಂಪು ನೀರು.

ಹಾರ್ನ್ ಬಂತು. ಅದೇ ಬೈಕು, ಅದೇ ಮನುಷ್ಯ. ಹೆಡ್‌ಫೋನಿನಲ್ಲಿ ಏನೋ ಕಡಿಮೆ. ಗೇನ್ ನೋಡಿದೆ, ಸರಿ ಇತ್ತು. ಕೇಬಲ್ ಬದಲಿಸಿದೆ. ಕೊನೆಗೆ ಏಪ್ರಿಲ್‌ನ ಫೈಲನ್ನೂ ಇವತ್ತಿನದನ್ನೂ ಲ್ಯಾಪ್‌ಟಾಪಿನಲ್ಲಿ ಒಂದರ ಕೆಳಗೊಂದು ಇಟ್ಟೆ. ಹಳೆಯದರಲ್ಲಿ ಪ್ರತಿ ಪೋಂ ಹಿಂದೆಯೂ ಒಂದು ಮರಿ ಉಬ್ಬು. ಸೆಕೆಂಡಿನ ಐದನೇ ಒಂದು ಭಾಗ ತಡವಾಗಿ. ಲೆಕ್ಕ ಹಾಕಿದರೆ ಶಬ್ದ ಮೂವತ್ತೈದು ಮೀಟರ್ ಹೋಗಿ, ಬಡಿದು, ತಿರುಗಿ ಬಂದಿದೆ. ಗೋಡೆ ಇದ್ದದ್ದು ಅಷ್ಟೇ ದೂರದಲ್ಲಿ. ಹೊಸದರಲ್ಲಿ ಮರಿ ಇಲ್ಲ. ಪೋಂ ಹೊಂಡದ ಕಡೆ ಹೋಗಿ ಅಲ್ಲೇ ಮುಗಿದುಹೋಗಿದೆ.

ನಾನು ಇಷ್ಟು ದಿನ ಹಾರ್ನ್ ಹಿಡಿದೆ, ರಾಟೆ ಹಿಡಿದೆ ಅಂದುಕೊಂಡಿದ್ದೆ. ಗೋಡೆಯನ್ನೂ ಹಿಡಿದಿದ್ದೆ ಅಂತ ಗೊತ್ತೇ ಇರಲಿಲ್ಲ.

ಲೀಲಕ್ಕ ಒಳಗೆ ಬೀಡಿ ಕಟ್ಟುತ್ತಾ ಕೂತಿದ್ದರು. ಎದ್ದಿರಲಿಲ್ಲ.

"ಇವತ್ತು ಮೀನು ಬೇಡ್ವಾ ಅಕ್ಕ?"

"ಬಂದ್ನಾ ಅವ?" ಕೈ ನಿಲ್ಲಿಸಿದರು. "ಈಗ ಎಂತ ಮಾರಾಯ್ರೆ, ಅವ ಬಂದದ್ದೂ ಗೊತ್ತಾಗುದಿಲ್ಲ, ಹೋದದ್ದೂ ಗೊತ್ತಾಗುದಿಲ್ಲ. ಮೊನ್ನೆಯೂ ಹಾಗೇ ಆಯ್ತು. ಮಗಳು ಹೇಳ್ತಾಳೆ, ನಿಮಗೆ ಕಿವಿ ಮಂದ ಆಗಿದೆ, ಡಾಕ್ಟ್ರಿಗೆ ತೋರ್ಸುವ ಅಂತ."

"ಕಿವಿ ಸರಿ ಉಂಟು ಅಕ್ಕ," ಅಂದೆ. ಅವರ ಮಾತೇ ನನ್ನ ಬಾಯಿಗೆ ಬಂದಿತ್ತು. "ನಿಮಗೆ ಕೇಳಿದ್ದೇ ನನಗೂ ಕೇಳಿದ್ದು."

ಅವರು ನಂಬಿದ ಹಾಗೆ ಕಾಣಲಿಲ್ಲ. ಹೆಡ್‌ಫೋನ್ ತೆಗೆದು ಅವರ ತಲೆಗೆ ಇಟ್ಟೆ. ಕಿವಿಯ ಓಲೆಗೆ ತಾಗದಂತೆ ಸರಿಮಾಡಿ, ಏಪ್ರಿಲ್‌ನ ಫೈಲ್ ಹಾಕಿದೆ. ಮೊದಲು ತಮ್ಮದೇ ಕತ್ತರಿಯ ಸದ್ದು ಕೇಳಿ ನಕ್ಕರು. ನಗು ನಿಂತಿತು. ಕಣ್ಣು ಬಾಗಿಲ ಕಡೆ ಹೋಯಿತು.

ಹಾರ್ನ್ ಬಂದಿರಬೇಕು. ಮಡಿಲಲ್ಲಿದ್ದ ಗೆರಸೆಯನ್ನು ಕೆಳಗಿಟ್ಟು ಎದ್ದರು. ಬಾಗಿಲ ಹಿಂದಿನ ಪಾತ್ರೆಗೆ ಕೈ ಚಾಚಿದರು. ಹೆಡ್‌ಫೋನಿನ ವೈರ್ ಬಿಗಿಯಾಯಿತು. ನಾನು ರೆಕಾರ್ಡರ್ ಎತ್ತಿಕೊಂಡು, ವೈರ್ ಎಳೆಯದ ಹಾಗೆ, ಅವರ ಹಿಂದೆಯೇ ಹೊಸ್ತಿಲವರೆಗೆ ನಡೆದೆ.