ಆ ಕಡೆ ಯಾರೋ ಇದ್ದಾರೆ

ಎಲ್ಲರಿಗೂ ನಮಸ್ಕಾರ. ಕಾಫಿ ಆಯ್ತಲ್ವಾ? ಹಿಂದೆ ಕೂತವರು ಕುರ್ಚಿ ಸ್ವಲ್ಪ ಮುಂದಕ್ಕೆ ಎಳೆದುಕೊಳ್ಳಿ. ಮೈಕ್ ಇಲ್ಲ, ಒಂಬತ್ತು ಜನಕ್ಕೆ ಬೇಕಾಗಿಯೂ ಇಲ್ಲ.

ಎರಡು ವಾರದ ಟ್ರೈನಿಂಗ್‌ನಲ್ಲಿ ನೀವು ತುಂಬಾ ಕಲಿತಿದ್ದೀರಿ. ಯುಪಿಐ ಹಣ ಎಲ್ಲಿ ಸಿಕ್ಕಿಕೊಳ್ಳುತ್ತದೆ, ದೂರು ಹೇಗೆ ದಾಖಲಿಸಬೇಕು, ಯಾವುದನ್ನು ಯಾರಿಗೆ ಕಳಿಸಬೇಕು, ಎಲ್ಲ ಗೊತ್ತಾಗಿದೆ. ಇವತ್ತು ಹತ್ತೂವರೆಗೆ ಕನ್ನಡ ಚಾಟ್ ನಿಮ್ಮ ಕೈಗೆ ಬರುತ್ತದೆ. ಅದಕ್ಕೆ ಮುಂಚೆ ಟ್ರೈನಿಂಗ್‌ನಲ್ಲಿ ಹೇಳದ ಒಂದು ವಿಷಯ ಹೇಳಬೇಕು. ಮಾತಾಡುವ ಗ್ರಾಹಕರನ್ನು ನೀವು ಸಂಭಾಳಿಸುತ್ತೀರಿ. ಬೈಯುವವರನ್ನೂ ಸಂಭಾಳಿಸುತ್ತೀರಿ. ನನಗೆ ಯೋಚನೆ ಇರುವುದು ಸುಮ್ನೆ ಇರುವವರ ಬಗ್ಗೆ.

ಚಿಕ್ಕವರಿದ್ದಾಗ ಅಜ್ಜಿ ಕಥೆ ಹೇಳುವಾಗ ನಾವು ಹೂಂಗುಟ್ಟಬೇಕಿತ್ತು, ನೆನಪಿದೆಯಾ? ಹೂಂ ಅನ್ನುವುದು ನಿಂತರೆ ಅಜ್ಜಿ ಕಥೆ ನಿಲ್ಲಿಸುತ್ತಿದ್ದರು. ಮಗು ಮಲಗಿತು ಅಂತ ಲೆಕ್ಕ. ಫೋನಿನಲ್ಲೂ ಅಷ್ಟೇ. ಆ ಕಡೆಯವರು ಹ್ಞಾಂ, ಹ್ಞೂಂ ಅನ್ನುತ್ತಿರಬೇಕು. ಇಲ್ಲದಿದ್ದರೆ ಎರಡೇ ಕ್ಷಣಕ್ಕೆ 'ಹಲೋ, ಇದ್ದೀರಾ?' ಅಂತೀವಿ. ನಮ್ಮ ಮಾತು ನಡೆಯುವುದೇ ಈ ಹೂಂ ಮೇಲೆ. ಚಾಟ್‌ನಲ್ಲಿ ಆ ಹೂಂ ಇಲ್ಲ. ಇರುವುದು ಖಾಲಿ ಪರದೆ, ಮೂಲೆಯಲ್ಲಿ ಓಡುವ ಗಡಿಯಾರ. ಹಾಗಾಗಿ ಆ ಕಡೆ ಯಾರೂ ಇಲ್ಲ ಅಂತ ನಮಗೆ ಬಹಳ ಬೇಗ ಅನಿಸಿಬಿಡುತ್ತದೆ. ಇದ್ದಾರೆ. ಹೆಚ್ಚಿನ ಸಲ ಇದ್ದೇ ಇರುತ್ತಾರೆ.

ಆರು ವರ್ಷದ ಹಿಂದಿನ ಮಾತು. ಬೇರೊಂದು ಕಂಪನಿಯಲ್ಲಿ ಇದೇ ಕೆಲಸಕ್ಕೆ ಸೇರಿ ನನಗೆ ಮೂರು ವಾರ ಆಗಿತ್ತು. ಬೆಳಿಗ್ಗೆ ಹನ್ನೊಂದೂ ಮುಕ್ಕಾಲಿಗೆ ಒಂದು ಚಾಟ್ ಬಂತು. 'ದುಡ್ಡು ಹೋಯ್ತು ಮಗನಿಗೆ ಬಂದಿಲ್ಲ.' ಅಷ್ಟೇ. ನಾನು ರೆಡಿ ಇದ್ದ ಉತ್ತರ ಒತ್ತಿದೆ. 12 ಅಂಕಿಯ ಯುಟಿಆರ್ ಸಂಖ್ಯೆ, ನೋಂದಾಯಿತ ಮೊಬೈಲ್ ಸಂಖ್ಯೆ, ದಿನಾಂಕ, ಮೊತ್ತ, ಬ್ಯಾಂಕಿನ ಹೆಸರು ಒದಗಿಸಿ. ಒಂದೇ ಉಸಿರಿಗೆ ಐದು ಪ್ರಶ್ನೆ. ಆ ಕಡೆಯಿಂದ ಏನೂ ಇಲ್ಲ. ಎರಡು ನಿಮಿಷಕ್ಕೆ 'ನೀವು ಇನ್ನೂ ಸಂಪರ್ಕದಲ್ಲಿದ್ದೀರಾ?' ಕಳಿಸಿದೆ. ನಾಲ್ಕನೇ ನಿಮಿಷಕ್ಕೆ ಮತ್ತೆ ಅದೇ. ಐದಕ್ಕೆ ಮುಚ್ಚಿದೆ. ಬೇರೆ ಎರಡು ಚಾಟ್ ಕಾಯುತ್ತಿದ್ದವು.

ಸ್ವಲ್ಪ ಹೊತ್ತಿಗೆ ಅವರು ಮತ್ತೆ ಬಂದರು. ಈ ಸಲ ಪಕ್ಕದ ಕುರ್ಚಿಯವರಿಗೆ ಸಿಕ್ಕರು. ಮತ್ತೆ ಅದೇ ಐದು ಪ್ರಶ್ನೆ. ಸಂಖ್ಯೆ ಬಂತು, ಆದರೆ ಹನ್ನೊಂದೇ ಅಂಕಿ. 'ಸಂಖ್ಯೆ ತಪ್ಪಾಗಿದೆ' ಅಂತ ಹೋಯಿತು. ಮತ್ತೆ ಮೌನ. ಮತ್ತೆ ಮುಚ್ಚಿತು. ಮಧ್ಯಾಹ್ನ ಮೂರನೇ ಸಲ ಬಂದಾಗ ಅವರು ನನಗೇ ಸಿಕ್ಕರು. ಆಗ ಬರೆದಿದ್ದು ಇದು: 'ಮೇಡಂ ಬೇಜಾರ್ ಮಾಡ್ಕೋಬೇಡಿ. ನಂಗೆ ಬೇಗ ಬರೆಯಕ್ಕೆ ಬರಲ್ಲ. ಮೂರು ಮೂರು ನಂಬರ್ ನೆನಪಿಟ್ಕೊಂಡು ಕ್ಯಾಲೆಂಡರ್ ಹಿಂದೆ ಬರ್ಕೊಂಡಿದೀನಿ. ಈಗ ಹೇಳ್ತೀನಿ.'

ಆಗ ನನಗೆ ಅರ್ಥವಾಯಿತು. ಆ ಅಮ್ಮನಿಗೆ ಕಾಪಿ ಮಾಡುವುದು ಗೊತ್ತಿರಲಿಲ್ಲ. ಚಾಟ್ ಬಿಟ್ಟು ಮೆಸೇಜಿಗೆ ಹೋಗಬೇಕು, ಮೂರು ಅಂಕಿ ನೋಡಬೇಕು, ಗೋಡೆಯ ಹತ್ತಿರ ಹೋಗಿ ಬರೆಯಬೇಕು. ಅಷ್ಟರಲ್ಲಿ ಫೋನಿನ ಪರದೆ ಆರುತ್ತದೆ. ಮತ್ತೆ ತೆರೆಯಬೇಕು. ನಾಲ್ಕು ಸಲ ಹೀಗೆ. ಇದೆಲ್ಲ ನಡೆಯುತ್ತಿದ್ದ ಹೊತ್ತಿಗೆ ನನ್ನ ಕಡೆ ಕಾಣುತ್ತಿದ್ದಿದ್ದು 'ಪ್ರತಿಕ್ರಿಯೆ ಇಲ್ಲ' ಅನ್ನುವ ಎರಡು ಪದ. ಮಗನ ಹಾಸ್ಟೆಲ್ ಫೀಸು, 4,200 ರೂಪಾಯಿ. ಬೆಳಿಗ್ಗೆ ಏಳಕ್ಕೆ ಕಳಿಸಿದ್ದರು. ಇಡೀ ದಿನ ಊಟ ಮಾಡಿದ್ದರೋ ಇಲ್ಲವೋ. ಹಣ ಮಾರನೇ ದಿನ ಅವರ ಖಾತೆಗೇ ವಾಪಸ್ ಬಂತು. ಅದು ಬರುತ್ತದೆ ಅಂತ ನನಗೆ ಮೊದಲ ಮೆಸೇಜ್ ಓದಿದಾಗಲೇ ಗೊತ್ತಿತ್ತು. ಹೇಳಲಿಲ್ಲ. ಮೊದಲು ಸಂಖ್ಯೆ ಕೇಳಿದೆ. ಅದಕ್ಕೆ ಇವತ್ತಿಗೂ ನನಗೆ ಬೇಜಾರಿದೆ.

ನಿಯಮ ನೀವು ಓದಿದ್ದೀರಿ. 2019ರ ಸೆಪ್ಟೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆ. ಯುಪಿಐನಲ್ಲಿ ಒಬ್ಬರು ಇನ್ನೊಬ್ಬರಿಗೆ ಕಳಿಸಿದ ಹಣ ಕಡಿತವಾಗಿ, ತಲುಪದೇ ಹೋದರೆ, ಮಾರನೇ ದಿನದೊಳಗೆ ತಾನಾಗಿಯೇ ವಾಪಸ್ ಆಗಬೇಕು. ಅಂಗಡಿಗೆ ಕೊಟ್ಟದ್ದು ಖಚಿತವಾಗದಿದ್ದರೆ ಐದು ದಿನದೊಳಗೆ. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಇದನ್ನು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೀರಿ. ಗ್ರಾಹಕರಿಗೆ ಇದನ್ನೇ ಮೊದಲ ಸಾಲಿನಲ್ಲಿ ಹೇಳಿ. 'ಹೀಗೆ ಸಿಕ್ಕಿಕೊಂಡ ಹಣ ಸಾಮಾನ್ಯವಾಗಿ ನಾಳೆಯೊಳಗೆ ನಿಮ್ಮ ಖಾತೆಗೇ ವಾಪಸ್ ಬರುತ್ತದೆ. ನಿಮ್ಮದು ಎಲ್ಲಿದೆ ಅಂತ ಒಟ್ಟಿಗೆ ನೋಡೋಣ.' ಹೆದರಿದವರ ಕೈ ಓಡುವುದಿಲ್ಲ. ಹೆದರಿಕೆ ಸ್ವಲ್ಪ ಇಳಿದರೆ ಬೆರಳು ತಾನಾಗಿಯೇ ಓಡುತ್ತದೆ. ಇದನ್ನು ನಾನು ನೂರಾರು ಚಾಟ್‌ಗಳಲ್ಲಿ ನೋಡಿದ್ದೇನೆ.

ಇನ್ನೊಂದು ವಿಷಯ. ನೀವೆಲ್ಲ ದಿನವಿಡೀ ಕೀಬೋರ್ಡಿನ ಮೇಲೆ ಇರುವವರು. ಕನ್ನಡ ಕೀಲಿಯಲ್ಲಿ ಅಕ್ಷರ ಹುಡುಕುವವರ ಕಷ್ಟ ನಮಗೆ ಮರೆತಿರುತ್ತದೆ. ಈಗಲೇ ಎಣಿಸಿ ನೋಡಿ. 'ದುಡ್ಡು ಬಂದಿಲ್ಲ' ಅಂತ ಬರೆಯಲು, ನಡುವೆ ಜಾಗ ಬಿಡುವುದೂ ಸೇರಿ, 14 ಸಲ ಒತ್ತಬೇಕು. 'ಬ್ಯಾಂಕ್' ಅನ್ನುವ ಪುಟ್ಟ ಪದಕ್ಕೇ ಏಳು. ಒತ್ತಕ್ಷರ ಬರದಿದ್ದರೆ ಅಳಿಸಿ ಮತ್ತೆ. ಕೆಲವರು ಮೈಕ್ ಒತ್ತಿ ಮಾತಾಡುತ್ತಾರೆ, ಅದು ಇನ್ನೇನೋ ಬರೆಯುತ್ತದೆ, ಅಳಿಸುತ್ತಾರೆ. ನಿಮ್ಮ ಪರದೆಯಲ್ಲಿ 'ಬರೆಯುತ್ತಿದ್ದಾರೆ' ಅಂತ ಬಂದು ಮಾಯವಾಗುತ್ತದಲ್ಲ, ಹೆಚ್ಚಿನ ಸಲ ಅದು ಇದೇ. ಆಗ ದಯವಿಟ್ಟು ಮಧ್ಯೆ ಇನ್ನೊಂದು ಪ್ರಶ್ನೆ ಹಾಕಬೇಡಿ. ಅವರು ಬರೆಯುತ್ತಿದ್ದುದನ್ನು ಬಿಟ್ಟು ನಿಮ್ಮ ಹೊಸ ಪ್ರಶ್ನೆಗೆ ಉತ್ತರ ಹುಡುಕಲು ಹೊರಡುತ್ತಾರೆ.

'ಗ್ರಾಹಕರು ಹೊರಹೋಗಿದ್ದಾರೆ' ಅಂತ ಬಂದರೂ ಪೂರ್ತಿ ನಂಬಬೇಡಿ. ಇನ್ನೊಂದು ಆಪ್ ತೆರೆದರೆ, ಪರದೆ ಆರಿದರೆ, ಬಸ್ಸು ಘಾಟಿ ಇಳಿಯುವಾಗ ಸಿಗ್ನಲ್ ಹೋದರೆ, ನಮ್ಮ ಸಿಸ್ಟಮ್ಮಿಗೆ ಎಲ್ಲವೂ ಒಂದೇ. ಅಂಗಡಿಯಲ್ಲಿ ಗಿರಾಕಿ ಬಂದಿರಬಹುದು. ಹಾಲು ಉಕ್ಕಿರಬಹುದು. ಫೋನ್ ಮೊಮ್ಮಗನದ್ದಾಗಿದ್ದು, ಅವನು ಕಸಿದುಕೊಂಡು ಓಡಿರಬಹುದು.

ಹಾಗಾದರೆ ಏನು ಮಾಡಬೇಕು? ಹೂಂಗುಟ್ಟುವ ಕೆಲಸ ನಾವು ಮಾಡಬೇಕು. ಒಂದು ಸಲಕ್ಕೆ ಒಂದೇ ಪ್ರಶ್ನೆ ಕೇಳಿ. ಅದರ ಜೊತೆಗೇ 'ನಿಧಾನವಾಗಿ ನೋಡಿ ಹೇಳಿ, ನಾನು ಇಲ್ಲೇ ಇರುತ್ತೇನೆ' ಅಂತ ಬರೆಯಿರಿ. 'ಇದ್ದೀರಾ?' ಅಂತ ಮತ್ತೆ ಮತ್ತೆ ಕೇಳಬೇಡಿ. ಕೇಳಿಸಿಕೊಳ್ಳುವವರಿಗೆ ಅದು ಬಾಗಿಲು ಬಡಿದ ಹಾಗೆ. ಅದರ ಬದಲು ದಾರಿ ಸುಲಭ ಮಾಡಿ. 'ಸಂಖ್ಯೆ ಸಿಗುತ್ತಿಲ್ಲವಾದರೆ ಪರವಾಗಿಲ್ಲ, ಎಷ್ಟು ರೂಪಾಯಿ, ಯಾವಾಗ ಕಳಿಸಿದ್ದು ಹೇಳಿ ಸಾಕು.' ಹೌದು, ಇಲ್ಲ ಅನ್ನುವಷ್ಟರಲ್ಲಿ ಉತ್ತರ ಮುಗಿಯುವ ಪ್ರಶ್ನೆ ಇದ್ದರೆ ಇನ್ನೂ ಒಳ್ಳೆಯದು.

ನಮ್ಮಲ್ಲಿ ಐದು ನಿಮಿಷಕ್ಕೆ ಮುಚ್ಚುವ ಬಟನ್ ಕಾಣಿಸುತ್ತದೆ. ಕಾಣಿಸಿತು ಅಂತ ಒತ್ತಲೇಬೇಕಿಲ್ಲ. ಪಕ್ಕದಲ್ಲೇ ಹೋಲ್ಡ್ ಇದೆ, 15 ನಿಮಿಷ ಸಿಗುತ್ತದೆ. ಅದನ್ನು ಧೈರ್ಯವಾಗಿ ಬಳಸಿ. ನಿಮಗೆ ಒಂದೇ ಹೊತ್ತಿಗೆ ಮೂರು ಚಾಟ್ ಇರುತ್ತವೆ, ಕಾಯುವ ಸಾಲು ಕಾಣುತ್ತಿರುತ್ತದೆ, ಕೈ ತುರಿಸುತ್ತದೆ, ನನಗೆ ಗೊತ್ತು. ಹೋಲ್ಡ್‌ನಲ್ಲಿಟ್ಟು ಬೇರೆಯವರನ್ನು ನೋಡಿ, ಹಿಂತಿರುಗಿ ಬನ್ನಿ. ನಿಮ್ಮ ಸರಾಸರಿ ಸಮಯ ಜಾಸ್ತಿಯಾಯಿತು ಅಂತ ಮೇಲಿನವರು ಕೇಳಿದರೆ ಉತ್ತರ ಕೊಡುವವಳು ನಾನು. ನಿಮ್ಮ ತನಕ ಅದು ಬರುವುದಿಲ್ಲ.

ಕೊನೆಗೂ ಮುಚ್ಚಲೇಬೇಕಾಗಿ ಬಂದರೆ, ಬಾಗಿಲು ತೆರೆದಿಟ್ಟು ಮುಚ್ಚಿ. ಇಲ್ಲಿಯವರೆಗೆ ಏನು ಗೊತ್ತಾಗಿದೆ, ಮತ್ತೆ ಬಂದಾಗ ಏನು ಹೇಳಿದರೆ ಸಾಕು, ಎರಡು ಸಾಲಿನಲ್ಲಿ ಗ್ರಾಹಕರಿಗೆ ಬರೆಯಿರಿ. ನೋಟ್ಸಿನಲ್ಲಿ ನಮ್ಮವರಿಗೂ ಬರೆಯಿರಿ. ಮುಂದೆ ಯಾರಿಗೆ ಸಿಕ್ಕರೂ ಅವರು ಮೊದಲಿಂದ ಕೇಳಬಾರದು. ಆ ಅಮ್ಮನನ್ನು ಮೂರು ಸಲ ಮೊದಲಿಂದ ಕೇಳಿದ್ದೆವು.

ಈಗ ಇದಕ್ಕೆ ವಿರುದ್ಧವಾದ ಒಂದು ಮಾತು. ಇದನ್ನು ಗಮನವಿಟ್ಟು ಕೇಳಿ. ಒಂದು ಬಗೆಯ ಮೌನಕ್ಕೆ ಸುಮ್ಮನೆ ಕಾಯಬಾರದು. ಗ್ರಾಹಕರು 'ಬ್ಯಾಂಕಿನವರು ಲೈನಿನಲ್ಲಿದ್ದಾರೆ', 'ಒಂದು ನಿಮಿಷ, ಅವರು ಹೇಳ್ತಾ ಇದ್ದಾರೆ', 'ದುಡ್ಡು ಬರಕ್ಕೆ ಪಿನ್ ಹಾಕಬೇಕಂತೆ' ಅಂತ ಬರೆದು ಸುಮ್ಮನಾದರೆ, ಆ ಹೊತ್ತಿಗೆ ಯಾರೋ ಅವರ ಕಿವಿಯಲ್ಲಿ ಮಾತಾಡುತ್ತಿದ್ದಾರೆ. ಹಣ ಪಡೆಯಲು ಯುಪಿಐ ಪಿನ್ ಬೇಕಾಗಿಯೇ ಇಲ್ಲ. ಆಗ ತಕ್ಷಣ ಬರೆಯಿರಿ. 'ಫೋನ್ ಕಟ್ ಮಾಡಿ. ಪಿನ್, ಒಟಿಪಿ ಯಾರಿಗೂ ಹೇಳಬೇಡಿ, ಎಲ್ಲೂ ಹಾಕಬೇಡಿ.' ಚಿಕ್ಕ ಚಿಕ್ಕ ಸಾಲು, ಒಂದಾದ ಮೇಲೆ ಒಂದು. ಹಣ ಆಗಲೇ ಹೋಗಿದ್ದರೆ 1930ಕ್ಕೆ ಕರೆ ಮಾಡಲು ಹೇಳಿ, ಆಮೇಲೆ ನನ್ನನ್ನು ಕೂಗಿ. ಇಲ್ಲಿ ತಾಳ್ಮೆ ಅಂದರೆ ಸುಮ್ಮನೆ ಕಾಯುವುದಲ್ಲ. ಉತ್ತರ ಬರದಿದ್ದರೂ ಬಿಡದೆ ಹೇಳುತ್ತಲೇ ಇರುವುದು. ಓದುತ್ತಿದ್ದಾರೆ ಅಂತ ನಂಬಿ ಹೇಳಿ. ಎಷ್ಟೋ ಜನ ಓದುತ್ತಿರುತ್ತಾರೆ.

ಆ ವ್ಯತ್ಯಾಸ ಕಣ್ಣಿಗೆ ಬೀಳಬೇಕಾದರೆ ಮೌನಕ್ಕೆ ಮುಂಚಿನ ಕೊನೆಯ ಸಾಲನ್ನು ಸರಿಯಾಗಿ ಓದಬೇಕು. ಯಾವ ಚಾಟ್ ತಣ್ಣಗಾದರೂ ಮೇಲಕ್ಕೆ ಹೋಗಿ ಆ ಸಾಲನ್ನು ಇನ್ನೊಮ್ಮೆ ಓದಿ. ಅವರು ಏನು ಮಾಡಲು ಎದ್ದು ಹೋದರು ಅನ್ನುವುದು ಅಲ್ಲೇ ಸಿಗುತ್ತದೆ.

ಮೊದಲ ವಾರ ನೀವು ಇಬ್ಬಿಬ್ಬರಾಗಿ ಕೂರುತ್ತೀರಿ. ಒಬ್ಬೊಬ್ಬರಿಗೆ ಎರಡೇ ಚಾಟ್. ಯಾರಾದರೂ ಸುಮ್ಮನಾದರೆ, ಏನು ಮಾಡುವುದೆಂದು ತೋಚದಿದ್ದರೆ, ಕೈ ಎತ್ತಿ. ನಾನು ಬಂದು ಪಕ್ಕದಲ್ಲಿ ನಿಲ್ಲುತ್ತೇನೆ, ಒಟ್ಟಿಗೆ ಕಾಯೋಣ. ಹತ್ತೂ ಇಪ್ಪತ್ತಾಯಿತು. ಬನ್ನಿ, ಲಾಗಿನ್ ಆಗಿ.