ILK-TT-114 ಲಿಸ್ಟಿಂಗ್ ಮರಳಿ ಹಾಕುವಂತೆ ಮನವಿ: ‘ಶುದ್ಧ ರೇಷ್ಮೆ ಸೆರಗು’ ಎಂಬುದು ಸುಳ್ಳು ಹೇಳಿಕೆಯಲ್ಲ

ಮಾರಾಟಗಾರರ ಮೇಲ್ಮನವಿ ವಿಭಾಗಕ್ಕೆ,

ಮಾನ್ಯರೇ,

ನಾವು ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನವರು. ನಮ್ಮ ಮನೆಯ ಮಗ್ಗಗಳಲ್ಲಿಯೂ ನಮ್ಮ ಓಣಿಯ ನೇಕಾರರ ಮನೆಗಳಲ್ಲಿಯೂ ನೇಯ್ದ ಸೀರೆಗಳನ್ನು ನಿಮ್ಮ ತಾಣದ ಮೂಲಕ ಮಾರುತ್ತೇವೆ. ನಮ್ಮ ILK-TT-114 ಸಂಖ್ಯೆಯ ಸೀರೆಯ ಲಿಸ್ಟಿಂಗನ್ನು ಇದೇ ತಿಂಗಳ 9ರಂದು ತೆಗೆದುಹಾಕಿದ್ದೀರಿ. ಕೊಟ್ಟಿರುವ ಕಾರಣ ಹೀಗಿದೆ: “ವಸ್ತುವಿನ ಬಗ್ಗೆ ದಾರಿ ತಪ್ಪಿಸುವ ಹೇಳಿಕೆ. ಶೀರ್ಷಿಕೆಯಲ್ಲಿ ಶುದ್ಧ ರೇಷ್ಮೆ, ವಿವರದಲ್ಲಿ ಹತ್ತಿ.” ಶೀರ್ಷಿಕೆಯೂ ನಿಜ, ವಿವರವೂ ನಿಜ. ಎರಡೂ ಒಂದೇ ಸೀರೆಯಲ್ಲಿವೆ. ಆದ್ದರಿಂದ ಈ ನಿರ್ಧಾರವನ್ನು ಹಿಂಪಡೆಯಬೇಕೆಂದು ಕೋರುತ್ತಿದ್ದೇನೆ.

ನಮ್ಮ ಶೀರ್ಷಿಕೆ ಹೀಗಿತ್ತು: “ಇಳಕಲ್ ಕೈಮಗ್ಗದ ಸೀರೆ, ಶುದ್ಧ ರೇಷ್ಮೆ ಸೆರಗು, ಗೋಮಿ ದಡಿ.” ಸೀರೆ ಪೂರ್ತಿ ರೇಷ್ಮೆಯದು ಎಂದು ನಾವು ಎಲ್ಲಿಯೂ ಬರೆದಿಲ್ಲ. ವಿವರದ ಮೊದಲ ಸಾಲಿನಲ್ಲಿಯೇ “ಒಡಲು ಹತ್ತಿ, ದಡಿ ಮತ್ತು ಸೆರಗು ಶುದ್ಧ ರೇಷ್ಮೆ” ಎಂದು ಹೇಳಿದ್ದೆವು. ತೊಡಕು ಇರುವುದು ‘ಬಟ್ಟೆಯ ವಸ್ತು’ ಎಂಬ ಕಲಂನಲ್ಲಿ. ಅದು ಒಂದೇ ಉತ್ತರವನ್ನು ಒಪ್ಪಿಕೊಳ್ಳುತ್ತದೆ. ಸೀರೆಯ ಹೆಚ್ಚಿನ ಭಾಗ ಹತ್ತಿಯಾದ್ದರಿಂದ ನಾವು ಹತ್ತಿಯನ್ನು ಆರಿಸಿದೆವು. ನಿಮ್ಮ ತಪಾಸಣೆ ಆ ಒಂದು ಪದವನ್ನು ಶೀರ್ಷಿಕೆಯ ಇನ್ನೊಂದು ಪದದ ಪಕ್ಕದಲ್ಲಿಟ್ಟು ನೋಡಿದೆ. ‘ರೇಷ್ಮೆ’ಯ ಮುಂದಿರುವ ‘ಸೆರಗು’ ಅದಕ್ಕೆ ಕಂಡಂತಿಲ್ಲ.

ಇಳಕಲ್ ಸೀರೆಯನ್ನು ಹೇಗೆ ನೇಯುತ್ತಾರೆ ಎಂಬುದನ್ನು ಇಲ್ಲಿ ಸ್ವಲ್ಪ ವಿವರಿಸಬೇಕಾಗಿದೆ, ಏಕೆಂದರೆ ಉತ್ತರ ಅಲ್ಲಿಯೇ ಇದೆ. ಮಗ್ಗದ ಮೇಲೆ ಉದ್ದಕ್ಕೆ ಹಾಕಿಕೊಳ್ಳುವ ಎಳೆಗಳಿಗೆ ಹಾಸು ಎನ್ನುತ್ತೇವೆ. ಬೇರೆ ಎಷ್ಟೋ ಸೀರೆಗಳಲ್ಲಿ ಒಡಲಿಗೂ ಸೆರಗಿಗೂ ಒಂದೇ ಹಾಸು ಇರುತ್ತದೆ. ಇಳಕಲ್ ಸೀರೆಯಲ್ಲಿ ಹಾಗಲ್ಲ. ಒಡಲಿನ ಹಾಸನ್ನು ಬೇರೆಯಾಗಿ, ದಡಿಯ ಹಾಸನ್ನು ಬೇರೆಯಾಗಿ, ಸೆರಗಿನ ಹಾಸನ್ನು ಮತ್ತೂ ಬೇರೆಯಾಗಿ ಸಿದ್ಧಮಾಡಿಕೊಳ್ಳುತ್ತೇವೆ. ಒಂದೊಂದು ಸೀರೆಗೂ ಈ ಕೆಲಸ ಹೊಸದಾಗಿ ಆಗಬೇಕು. ಒಡಲಿನ ಎಳೆ ಮುಗಿಯುವಲ್ಲಿ ಸೆರಗಿನ ಎಳೆಯನ್ನು ಕುಣಿಕೆಯಂತೆ ಒಂದರೊಳಗೊಂದು ಸಿಕ್ಕಿಸಿ ಜೋಡಿಸುತ್ತೇವೆ. ಇದನ್ನೇ ಕೊಂಡಿ ಎನ್ನುವುದು. ಇಷ್ಟು ಎಳೆಗಳನ್ನು ಒಂದೊಂದಾಗಿ ಕೂಡಿಸುವುದಕ್ಕೆ ಕಣ್ಣೂ ಬೇಕು, ತಾಳ್ಮೆಯೂ ಬೇಕು. ಹೆಚ್ಚಾಗಿ ಮನೆಯ ಹೆಣ್ಣುಮಕ್ಕಳೇ ಇದಕ್ಕೆ ಕೂರುತ್ತಾರೆ. ಒಡಲು ಹತ್ತಿಯಾಗಿದ್ದು ಸೆರಗು ಮಾತ್ರ ರೇಷ್ಮೆಯಾಗಲು ಸಾಧ್ಯವಾಗುವುದು ಈ ಕೊಂಡಿಯಿಂದಲೇ. ಹತ್ತಿಯ ಒಡಲಿಗೆ ಕೆಂಪು ರೇಷ್ಮೆಯ ತೋಪುತೆನೆ ಸೆರಗು ಎಂದರೆ ನಮ್ಮ ಕಡೆ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ನಿಮ್ಮ ಎರಡನೆಯ ಸಂದೇಶದಲ್ಲಿ “ಚಿತ್ರ 4ರಲ್ಲಿ ಒಡಲಿಗೆ ಬೇರೆ ಬಟ್ಟೆಯನ್ನು ಜೋಡಿಸಿದ ಗುರುತು ಕಾಣುತ್ತದೆ” ಎಂದಿದ್ದೀರಿ. ಅದು ಹೊಲಿಗೆಯಲ್ಲ, ಮೇಲೆ ಹೇಳಿದ ಕೊಂಡಿಯೇ. ಅದು ಗ್ರಾಹಕರಿಗೆ ಕಾಣಲಿ ಎಂದೇ ಹತ್ತಿರದಿಂದ ತೆಗೆದ ಆ ಚಿತ್ರವನ್ನು ಹಾಕಿದ್ದೆವು. ಉದ್ದನೆಯ ಒಂದೇ ಹಾಸಿನಲ್ಲಿ ಸೀರೆಯ ಹಿಂದೆ ಸೀರೆ ನೇಯುವ ವಿದ್ಯುತ್ ಮಗ್ಗದ ಅನುಕರಣೆಗಳಲ್ಲಿ ಈ ಗುರುತು ಇರುವುದಿಲ್ಲ. ಅಂಥ ಸೀರೆಗಳು ‘ಇಳಕಲ್ ರೇಷ್ಮೆ’ ಎಂಬ ಹೆಸರಿನಲ್ಲಿ ನಿಮ್ಮ ತಾಣದಲ್ಲಿ ಇಂದಿಗೂ ಮಾರಾಟಕ್ಕಿವೆ. ಅವುಗಳ ಮೇಲೆ ದೂರು ಕೊಡಲು ನಾನು ಇದನ್ನು ಬರೆಯುತ್ತಿಲ್ಲ. ಆದರೆ ಕೈಕೆಲಸದ ಸಾಕ್ಷಿಯೇ ನಮ್ಮ ಪಾಲಿಗೆ ಅಪರಾಧವಾಗಿದ್ದು ಕಂಡು ಸುಮ್ಮನಿರುವುದೂ ಕಷ್ಟ.

‘ಶುದ್ಧ’ ಎಂಬ ಮಾತನ್ನೂ ನಾವು ಅಂದಕ್ಕಾಗಿ ಸೇರಿಸಿದ್ದಲ್ಲ. ಇಳಕಲ್ ಸೀರೆಯ ಸೆರಗನ್ನು ಎರಡು ಬಗೆಯ ನೂಲಿನಲ್ಲಿ ನೇಯುತ್ತಾರೆ: ಒಂದು ನಿಜವಾದ ರೇಷ್ಮೆ, ಇನ್ನೊಂದು ನಾವು ಚಮಕಾ ಎನ್ನುವ ಕೃತಕ ರೇಷ್ಮೆ. ನೋಟಕ್ಕೆ ಎರಡೂ ಹೊಳೆಯುತ್ತವೆ, ಬೆಲೆಯಲ್ಲಿ ಬಹಳ ಅಂತರವಿದೆ. ಚಮಕಾ ಸೆರಗಿನ ಸೀರೆಗಳನ್ನೂ ನಾವು ಮಾರುತ್ತೇವೆ, ಅವುಗಳ ಶೀರ್ಷಿಕೆಯಲ್ಲಿ ‘ಕೃತಕ ರೇಷ್ಮೆ ಸೆರಗು’ ಎಂದೇ ಬರೆದಿದ್ದೇವೆ. ನಮ್ಮ ಖಾತೆಯನ್ನು ತೆರೆದು ನೋಡಿದರೆ ತಿಳಿಯುತ್ತದೆ.

ಲಿಸ್ಟಿಂಗ್ ಮತ್ತೆ ಕಾಣಿಸಬೇಕಾದರೆ ‘ರೇಷ್ಮೆ’ ಎಂಬ ಪದವನ್ನು ಅಳಿಸಿರಿ, ಇಲ್ಲವೇ ವಸ್ತುವನ್ನು ‘ರೇಷ್ಮೆ’ ಎಂದು ಬದಲಿಸಿರಿ ಎಂದು ಸೂಚಿಸಿದ್ದೀರಿ. ಎರಡನೆಯದನ್ನು ಮಾಡಿದರೆ ಹತ್ತಿಯ ಒಡಲನ್ನು ರೇಷ್ಮೆಯೆಂದು ಮಾರಿದಂತಾಗುತ್ತದೆ. ನೀವು ಈಗ ಹೊರಿಸಿರುವ ತಪ್ಪನ್ನು ಆಗ ನಿಜವಾಗಿಯೂ ಮಾಡಿದವರಾಗುತ್ತೇವೆ. ಮೊದಲನೆಯದನ್ನು ಮಾಡಿದರೆ, ಹತ್ತಿ ಸೀರೆಯೆಂದು ಕೊಂಡವರು ಅದನ್ನು ಸೋಡಾ ಹಾಕಿ ನೆನೆಸಿ, ಬ್ರಷ್‌ನಿಂದ ಉಜ್ಜಿ ತೊಳೆಯುತ್ತಾರೆ. ಆ ಆರೈಕೆಗೆ ರೇಷ್ಮೆಯ ಸೆರಗು ಉಳಿಯುವುದಿಲ್ಲ. ಮಾರಾಟಗಾರರು ಕೊಡುವ ವಿವರ ವಸ್ತುವಿನ ನಿಜ ಗುಣಕ್ಕೆ ಹೊಂದಿರಬೇಕು ಎಂದು 2020ರ ಗ್ರಾಹಕ ಸಂರಕ್ಷಣೆ (ಇ-ವಾಣಿಜ್ಯ) ನಿಯಮಗಳೂ ಹೇಳುತ್ತವೆ. ನಮ್ಮ ಹಳೆಯ ವಿವರ ಹೊಂದುತ್ತಿತ್ತು. ನೀವು ಸೂಚಿಸಿದ ಎರಡೂ ಹೊಂದುವುದಿಲ್ಲ.

ಈ ಮನವಿಯೊಂದಿಗೆ ರೇಷ್ಮೆ ನೂಲು ಮತ್ತು ಹತ್ತಿ ನೂಲು ಖರೀದಿಸಿದ ಬಿಲ್ಲುಗಳನ್ನು ಲಗತ್ತಿಸಿದ್ದೇನೆ. ಇದೇ ಮಾದರಿಯ ಸೀರೆಗೆ ಮಗ್ಗದ ಮೇಲೆ ಕೊಂಡಿ ಹಾಕುತ್ತಿರುವ ವಿಡಿಯೊ ಇದೆ. ಇನ್ನೊಂದು ವಿಡಿಯೊದಲ್ಲಿ ಒಡಲಿನ ಎಳೆಯನ್ನೂ ಸೆರಗಿನ ಎಳೆಯನ್ನೂ ಸುಟ್ಟು ತೋರಿಸಿದ್ದೇವೆ: ಒಡಲಿನದು ಕಾಗದದಂತೆ ಉರಿದು ಬೂದಿಯಾಗುತ್ತದೆ, ಸೆರಗಿನದು ಮುದುಡಿಕೊಂಡು ಬೆರಳಲ್ಲಿ ಪುಡಿಯಾಗುವ ಕಪ್ಪು ಉಂಡೆಯನ್ನು ಬಿಡುತ್ತದೆ. ಕೂದಲು ಸುಟ್ಟ ವಾಸನೆ ವಿಡಿಯೊದಲ್ಲಿ ಬರುವುದಿಲ್ಲ, ಅದೊಂದು ಕೊರತೆ. ಸೀರೆಗೆ ಹಚ್ಚಿರುವ ಹ್ಯಾಂಡ್‌ಲೂಮ್ ಮಾರ್ಕ್ ಚೀಟಿಯ ಚಿತ್ರವನ್ನೂ ಸೇರಿಸಿದ್ದೇನೆ. ಅದು ಕೈಮಗ್ಗಕ್ಕೆ ಸಾಕ್ಷಿಯೇ ಹೊರತು ರೇಷ್ಮೆಗಲ್ಲ ಎಂಬುದು ನನಗೆ ಗೊತ್ತಿದೆ. ಸಿಲ್ಕ್ ಮಾರ್ಕ್ ಏಕಿಲ್ಲ ಎಂದು ನೀವು ಕೇಳಬಹುದು. ಅದು ಮೂಲ ಬಟ್ಟೆಯೇ ರೇಷ್ಮೆಯಾಗಿರುವಾಗ ಹಾಕುವ ಗುರುತು; ಹತ್ತಿಯ ಒಡಲಿನ ಸೀರೆಗೆ ನಾವು ಅದನ್ನು ಹಾಕಿಲ್ಲ, ಹಾಕಿದ್ದೇವೆಂದು ಹೇಳಿಯೂ ಇಲ್ಲ.

ಇಷ್ಟರಿಂದ ಸಮಾಧಾನವಾಗದಿದ್ದರೆ ನಿಮ್ಮ ಉಗ್ರಾಣದಲ್ಲಿರುವ ನಮ್ಮ ದಾಸ್ತಾನಿನಿಂದ ನೀವೇ ಒಂದು ಸೀರೆಯನ್ನು ಆರಿಸಿ, ಜವಳಿ ಸಮಿತಿಯ ಪ್ರಯೋಗಾಲಯಕ್ಕೋ ನಿಮಗೆ ಒಪ್ಪಿಗೆಯಾದ ಬೇರೆ ಪ್ರಯೋಗಾಲಯಕ್ಕೋ ಕಳುಹಿಸಿರಿ. ಒಡಲಿನಿಂದ ಒಂದು ತುಂಡು, ಸೆರಗಿನಿಂದ ಒಂದು ತುಂಡು ಬೇರೆ ಬೇರೆಯಾಗಿ ಪರೀಕ್ಷೆಯಾಗಲಿ. ಸೆರಗಿನಲ್ಲಿ ರೇಷ್ಮೆಯಲ್ಲದ ನೂಲು ಕಂಡುಬಂದರೆ ಪರೀಕ್ಷೆಯ ಖರ್ಚನ್ನೂ ಆ ಸೀರೆಯ ಬೆಲೆಯನ್ನೂ ನಾವು ಭರಿಸುತ್ತೇವೆ.

ನಾವು ಕೇಳುವುದು ಇಷ್ಟು. ಅದೇ ಲಿಸ್ಟಿಂಗನ್ನು ಗ್ರಾಹಕರ ಅಭಿಪ್ರಾಯಗಳು ಮತ್ತು ರೇಟಿಂಗ್ ಸಹಿತ ಮರಳಿ ಹಾಕಿರಿ. ಹೊಸದಾಗಿ ಹಾಕಿದರೆ ಇಲ್ಲಿಯವರೆಗೆ ಕೊಂಡವರು ಬರೆದ ಮಾತುಗಳೆಲ್ಲ ಹೋಗುತ್ತವೆ. ನಮ್ಮ ಖಾತೆಯ ಮೇಲೆ ದಾಖಲಾಗಿರುವ ‘ನೀತಿ ಉಲ್ಲಂಘನೆ’ಯನ್ನು ತೆಗೆಯಿರಿ. ಶೀರ್ಷಿಕೆಯನ್ನು “ಹತ್ತಿ ಒಡಲು, ಶುದ್ಧ ರೇಷ್ಮೆ ಸೆರಗು” ಎಂದು ಬದಲಿಸಲು ನಮ್ಮ ಅಡ್ಡಿಯಿಲ್ಲ; ಒಪ್ಪಿಗೆ ಸೂಚಿಸಿದ ದಿನವೇ ಬದಲಿಸುತ್ತೇವೆ. ವಸ್ತುವಿನ ಕಲಂನಲ್ಲಿ ಒಡಲಿಗೂ ಸೆರಗಿಗೂ ಬೇರೆ ಬೇರೆ ಜಾಗ ಮಾಡಿಕೊಟ್ಟರೆ ಇಳಕಲ್ ಸೀರೆ ಮಾರುವ ಉಳಿದವರಿಗೂ ಈ ತಾಪತ್ರಯ ತಪ್ಪುತ್ತದೆ.

ಕೊನೆಯದಾಗಿ ಒಂದು ಕೋರಿಕೆ: ಈ ಮನವಿಯನ್ನು ಸೀರೆಗಳ ವಿಭಾಗ ಬಲ್ಲ ಸಿಬ್ಬಂದಿಯೊಬ್ಬರು ಓದಲಿ. ಮತ್ತೆ ತಿರಸ್ಕರಿಸುವುದಾದರೆ ಯಾವ ವಾಕ್ಯ ಸುಳ್ಳು, ಯಾವ ಆಧಾರದ ಮೇಲೆ ಸುಳ್ಳು ಎಂದು ಬರೆದು ತಿಳಿಸಿರಿ. ಖಾತೆಯಲ್ಲಿ ನೋಂದಾಯಿಸಿರುವ ಮೊಬೈಲ್‌ಗೆ ಬೆಳಿಗ್ಗೆ 10ರಿಂದ ಸಂಜೆ 6ರವರೆಗೆ ಕರೆ ಮಾಡಬಹುದು. ವಿಡಿಯೊ ಕರೆಯಲ್ಲಿ ಮಗ್ಗವನ್ನೇ ನೋಡಬಯಸಿದರೆ ತೋರಿಸಲು ಸಿದ್ಧರಿದ್ದೇವೆ.

ವಿಶ್ವಾಸದಿಂದ,
ಮಾರಾಟ ಖಾತೆಯ ಒಡತಿ
ಇಳಕಲ್, ಬಾಗಲಕೋಟೆ ಜಿಲ್ಲೆ